‘ವಿಚ್’ ಹಿಂದಿನ ಅಲ್ಪವಿರಾಮ: ನಿಯಮಕ್ಕಿಂತ ಮೊದಲು ಎಣಿಕೆ

ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಪಾಠ ವೀಕ್ಷಿಸುತ್ತಿದ್ದೆ. ವಿಷಯ, ಇಂಗ್ಲಿಷಿನ ವ್ಯವಹಾರ ಪತ್ರ. ‘ದಟ್’ ಹಿಂದೆ ಅಲ್ಪವಿರಾಮ ಬೇಡ, ‘ವಿಚ್’ ಹಿಂದೆ ಬೇಕು ಎಂದು ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಬರೆದರು. ಬಳಿಕ ಅನುವಾದಕ್ಕೆ ಒಂದು ವಾಕ್ಯ ಕೊಟ್ಟರು: ‘ಒದ್ದೆಯಾಗಿದ್ದ ಬೆಲ್ಲದ ಮೂಟೆಗಳನ್ನು ವಾಪಸು ಕಳಿಸಿದ್ದೇವೆ.’ ನಿಯಮ ಕಣ್ಣೆದುರಿಗಿದ್ದರೂ ಎರಡರಲ್ಲಿ ಯಾವುದು ಬೇಕೆಂದು ಮಕ್ಕಳಿಗೆ ತಿಳಿಯಲಿಲ್ಲ.

ತಪ್ಪು ಮಕ್ಕಳದಲ್ಲ. ಆ ಕನ್ನಡ ವಾಕ್ಯಕ್ಕೇ ಎರಡು ಅರ್ಥವಿದೆ. ಮಂಡ್ಯದ ವರ್ತಕರು 40 ಮೂಟೆ ಕಳಿಸಿದ್ದರು ಎಂದುಕೊಳ್ಳೋಣ. ಆರು ಮಾತ್ರ ಒದ್ದೆಯಾಗಿ, ಆರನ್ನೇ ವಾಪಸು ಕಳಿಸಿರಬಹುದು. ನಲವತ್ತೂ ಒದ್ದೆಯಾಗಿ, ನಲವತ್ತನ್ನೂ ಕಳಿಸಿರಬಹುದು. ‘ಒದ್ದೆಯಾಗಿದ್ದ’ ಎಂಬ ಕೃದಂತ ಎರಡಕ್ಕೂ ಒಂದೇ.

ಇಂಗ್ಲಿಷ್ ಬರಹ ಈ ವ್ಯತ್ಯಾಸವನ್ನು ಅಲ್ಪವಿರಾಮದಲ್ಲಿ ತೋರಿಸುತ್ತದೆ. ‘ದಿ ಬ್ಯಾಗ್ಸ್ ದಟ್ ವರ್ ವೆಟ್ ಹ್ಯಾವ್ ಬೀನ್ ರಿಟರ್ನ್ಡ್’ ಎಂದರೆ ವಾಪಸಾದದ್ದು ಆರು. ‘ದಿ ಬ್ಯಾಗ್ಸ್, ವಿಚ್ ವರ್ ವೆಟ್, ಹ್ಯಾವ್ ಬೀನ್ ರಿಟರ್ನ್ಡ್’ ಎಂದರೆ ನಲವತ್ತು. ಓದಿದ ವರ್ತಕರು ಬಿಲ್ಲಿನಲ್ಲಿ ಎಷ್ಟು ಮೂಟೆಯ ಹಣ ಕಳೆಯಬೇಕು ಎಂಬುದು ಆ ಎರಡು ಅಲ್ಪವಿರಾಮಗಳ ಮೇಲಿದೆ. ಎರಡು ಎಂದೆ; ಉಪವಾಕ್ಯ ನಡುವೆ ಬಂದರೆ ಮುಗಿಯುವಲ್ಲಿಯೂ ಒಂದು ಬೇಕು. ಮಕ್ಕಳು ಹೆಚ್ಚಾಗಿ ಬಿಡುವುದು ಅದನ್ನೇ.

ಆದ್ದರಿಂದ ಪಾಠ ಕನ್ನಡದಿಂದಲೇ ಶುರುವಾಗಲಿ ಎಂಬುದು ನನ್ನ ಅಭಿಪ್ರಾಯ. ‘ಯಾವ ಮೂಟೆಗಳು ಒದ್ದೆಯಾಗಿದ್ದವೋ ಅವನ್ನು ಮಾತ್ರ ಕಳಿಸಿದ್ದೇವೆ’ ಎಂದು ಬಿಡಿಸಿ ಹೇಳಿದಾಗ ಅರ್ಥ ಸರಿಹೊಂದಿದರೆ ಅಲ್ಪವಿರಾಮ ಬೇಡ. ‘ಮೂಟೆಗಳನ್ನು ಕಳಿಸಿದ್ದೇವೆ, ಅವು ಒದ್ದೆಯಾಗಿದ್ದವು’ ಎಂದು ಎರಡು ವಾಕ್ಯವಾಗಿ ಒಡೆದರೆ ಸರಿಹೊಂದುವುದಾದರೆ ‘ವಿಚ್’ ಮತ್ತು ಅಲ್ಪವಿರಾಮ ಬೇಕು. ಮೂಟೆ ಎಷ್ಟು, ಒದ್ದೆಯಾದದ್ದು ಎಷ್ಟು ಎಂದು ಮೊದಲೇ ಹೇಳದೆ ಇಂಥ ವಾಕ್ಯವನ್ನು ಅಭ್ಯಾಸಕ್ಕೆ ಕೊಡಬಾರದು.

ಅಂಕಿತನಾಮ ಬಂದಾಗ ಕೆಲಸ ಸುಲಭ. ಮಳವಳ್ಳಿಯಲ್ಲಿ ಅಂಗಡಿಯ ಶಾಖೆ ಒಂದೇ ಇದ್ದರೆ ‘ಅವರ್ ಮಳವಳ್ಳಿ ಬ್ರಾಂಚ್, ವಿಚ್ ಈಸ್ ನಿಯರ್ ದಿ ಬಸ್ ಸ್ಟ್ಯಾಂಡ್, ಈಸ್ ಕ್ಲೋಸ್ಡ್ ಟುಡೇ’ ಎಂದೇ ಬರೆಯಬೇಕು. ಒಂದರಲ್ಲಿ ಆರಿಸುವುದೇನೂ ಇಲ್ಲವಲ್ಲ! ಇಲ್ಲಿ ‘ದಟ್’ ಹಾಕಿದರೆ, ಅದೇ ಊರಿನಲ್ಲಿ ಇನ್ನೊಂದು ಶಾಖೆಯೂ ಇದೆ ಎಂದು ಗ್ರಾಹಕರು ತಿಳಿಯುತ್ತಾರೆ.

ಅಂಕ ಕೊಡುವವರಿಗೆ ಒಂದು ಮಾತು. ‘ದಿ ಬ್ಯಾಗ್ಸ್ ವಿಚ್ ವರ್ ವೆಟ್’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಹಲವರು ಕೆಂಪು ಗೆರೆ ಎಳೆಯುತ್ತಾರೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ತಪ್ಪಲ್ಲ. ಆರು ಮೂಟೆ ಎಂಬ ಅರ್ಥವನ್ನೇ ಕೊಡುತ್ತದೆ. ಎರಡು ಪದಗಳನ್ನು ಹೀಗೆ ಹಂಚಿಕೊಂಡರೆ ಒಳ್ಳೆಯದೆಂದು 1926ರ ತಮ್ಮ ಕೋಶದಲ್ಲಿ ಸೂಚಿಸಿದ ಫೌಲರ್ ಕೂಡ, ಬರಹಗಾರರೆಲ್ಲ ಹಾಗೆ ಮಾಡುತ್ತಿದ್ದಾರೆ ಎನ್ನಲಿಲ್ಲ. ಅಂಕ ಕಳೆಯಬೇಕಾದದ್ದು ಆರು ಮೂಟೆಯ ವಾಕ್ಯಕ್ಕೆ ಅಲ್ಪವಿರಾಮ ಹಾಕಿದಾಗ, ನಲವತ್ತರದಕ್ಕೆ ಬಿಟ್ಟಾಗ.