ಮುಟ್ಟಿನ ಹೊಟ್ಟೆಗೆ ಹಲಸಿನ ಹಣ್ಣಿನ ಬೈಯೆಡಿ

ಮುಟ್ಟಿನ ಸುರುವಾಣ ಎರಡು ದಿನ ಹೊಟ್ಟೆ ಹಿಂಡಿ ಬೇನೆ ಅಪ್ಪದು, ಒಟ್ಟಿಂಗೆ ನಾಲ್ಕೈದು ಸರ್ತಿ ಕಕ್ಕಸಿಂಗೆ ಓಡುದು. ಇದಕ್ಕೆ ನಮ್ಮ ಮನೆಗಳಲ್ಲಿ ಎರಡೇ ಉತ್ತರ ಇಪ್ಪದು. ಒಂದು, "ನಿನ್ನೆ ಎಂತ ತಿಂದೆ?" ಇನ್ನೊಂದು, "ಎಲ್ಲೋರಿಂಗುದೆ ಇಪ್ಪದೇ, ರಜ ತಡಕ್ಕೊ." ಈ ಎರಡು ಉತ್ತರವೂ ತಪ್ಪು ಹೇಳಿ ಆನು ಹೇಳ್ತೆ. ಒಂದು ಉತ್ತರ ಕಾರಣವ ಬೇರೆ ಜಾಗೆಲಿ ಹುಡುಕ್ಕುತ್ತು. ಇನ್ನೊಂದು, ಮದ್ದಿಪ್ಪ ಬೇನೆಗೆ ಮದ್ದು ಕೊಡದ್ದೆ ಕೂರುಸುತ್ತು. ಅತ್ತೆಕ್ಕೊ, ದೊಡ್ಡಮ್ಮಂದ್ರು ಬೇಜಾರ ಮಾಡೆಡಿ, ಪೂರ ಓದಿಕ್ಕಿ ಮತ್ತೆ ಬೇಕಾರೆ ಎನಗೆ ಬೈಯಿ.

ಎನ್ನ ಅಣ್ಣನ ಮಗಳ ಸಂಗತಿಯನ್ನೇ ತೆಕ್ಕೊಂಬ. ಅದಕ್ಕೆ 17 ವರ್ಷ, ನೆಲ್ಯಾಡಿಂದ ಬಸ್ಸಿಲಿ ಕಾಲೇಜಿಂಗೆ ಹೋಪದು. ತಿಂಗಳಿಂಗೆ ಎರಡು ದಿನ ಕಾಲೇಜು ತಪ್ಪುಗು. ಬೇನೆಯ ಬೇಕಾರೆ ತಡಕ್ಕೊಂಗು, ಆದರೆ ಹೆದ್ದಾರಿಲಿ ಬಸ್ಸು ಬ್ಲೋಕಾಗಿ ನಿಂದಪ್ಪಗ ಹೊಟ್ಟೆ ತಿರುಗಿರೆ ಎಂತ ಮಾಡುದು ಹೇಳ್ತ ಹೆದರಿಕೆಯ ತಡವಲೆ ಎಡಿಯ. ಮನೆಲಿ ಮೇ ತಿಂಗಳಿಲಿ ಹಲಸಿನ ಹಣ್ಣಿಂಗೆ ಬೈದವು, ಜುಲಾಯಿಲಿ ಪತ್ರೊಡೆಗೆ ಬೈದವು, ನವೆಂಬರಿಲಿ ಮದುವೆ ಊಟಕ್ಕೆ ಬೈದವು. ಕಡೇಂಗೆ ಆನು ಕೆಲೆಂಡರಿಲಿ ಗುರ್ತ ಹಾಕುಲೆ ಹೇಳಿದೆ. ಮೂರು ತಿಂಗಳು ಹಾಕಿತ್ತು. ನೆತ್ತರು ಕಂಡ ದಿನ ನಾಲ್ಕು ಸರ್ತಿ, ಮರುದಿನ ಎರಡು ಸರ್ತಿ, ಮೂರನೇ ದಿನ ಯಾವತ್ತಿನ ಹಾಂಗೆ. ಮೂರು ತಿಂಗಳುದೆ ಹೆಚ್ಚುಕಮ್ಮಿ ಅದೇ ಲೆಕ್ಕ. ಅದೇ ಅಡಿಗೆ ಉಂಡ ಬೇರೆ ಆರಿಂಗುದೆ ಎಂತದೂ ಆಯಿದಿಲ್ಲೆ. ಹಲಸಿನ ಹಣ್ಣಿಂಗೆ ಕೆಲೆಂಡರು ಓದುಲೆ ಬತ್ತೋ?

ಅಂಬಗ ಒಳ ಎಂತ ಅಪ್ಪದು? ಪ್ರತಿ ತಿಂಗಳುದೆ ಗರ್ಭಕೋಶದ ಒಳಾಣ ಹೊಡೆಲಿ ಒಂದು ಪದರ ಬೆಳೆತ್ತು. ಗರ್ಭ ನಿಲ್ಲದ್ರೆ ಪ್ರೊಜೆಸ್ಟರಾನ್ ಹೇಳ್ತ ಹಾರ್ಮೋನು ಇಳುದು, ಆ ಪದರ ಕಳಚ್ಚುಲೆ ಸುರು ಆವ್ತು. ಅಷ್ಟಪ್ಪಗ ಅದರ ಜೀವಕೋಶಂಗಳ ಕೊಬ್ಬಿಂದ ಪ್ರೋಸ್ಟಾಗ್ಲಾಂಡಿನ್ ಹೇಳ್ತ ವಸ್ತು ತಯಾರಾವ್ತು. ಗರ್ಭಕೋಶವ ಹಿಂಡಿ ಪದರವ ಹೆರ ಹಾಕುದು ಅದರ ಕೆಲಸ. ಹಾಂಗಾಗಿ ಅದು ರಜ ಬೇಕಾದ್ದೇ. ಹೆಚ್ಚಾದರೆ ಮಾಂತ್ರ ಹಿಂಡುದು ಎಷ್ಟು ಜೋರು ಆವ್ತು ಹೇಳಿರೆ, ಆ ಸ್ನಾಯುವಿಂಗೆ ನೆತ್ತರು ತಪ್ಪ ನಾಳಂಗಳೇ ಒತ್ತಿ ಹೋವ್ತು. ನೆತ್ತರು ಸಿಕ್ಕದ್ದ ಸ್ನಾಯು ಬೇನೆ ಕೊಡ್ತು. ಇರುಳು ಕಾಲಿನ ಮೀನಖಂಡ ಹಿಡುದಪ್ಪಗ ಅಪ್ಪ ಬೇನೆಯ ಹಾಂಗೆ ಹೇಳಿ ಗ್ರೇಶಿ.

ಗರ್ಭಕೋಶದ ಹಿಂದೆಯೇ ದೊಡ್ಡ ಕರುಳಿನ ಕೊಡಿ ಇಪ್ಪದು. ಕರುಳಿನ ಗೋಡೆಲಿಪ್ಪದುದೆ ಅದೇ ಜಾತಿಯ ಸ್ನಾಯು. ಪ್ರೋಸ್ಟಾಗ್ಲಾಂಡಿನಿಂಗೆ ಇದು ಗರ್ಭಕೋಶ, ಇದು ಕರುಳು ಹೇಳ್ತ ಭೇದ ಇಲ್ಲೆ. ಕರುಳನ್ನೂ ಹಿಂಡುತ್ತು, ಅದರ ಒಳಂಗೆ ನೀರನ್ನೂ ಬಿಡುಸುತ್ತು. ನೀರು ಪುನಾ ಹೀರುಲೆ ಹೊತ್ತು ಸಿಕ್ಕದ್ದೆ ತೆಳ್ಳಂಗೆ ಹೋವ್ತು. ಈ ವಸ್ತು ಹೆಚ್ಚು ತಯಾರಪ್ಪದು ಸುರುವಾಣ ಎರಡು ದಿನ. ಕೂಸು ಹಾಕಿದ ಗುರ್ತ ಎರಡು ದಿನಕ್ಕೆ ನಿಂದದ್ದು ಅದಕ್ಕೇ.

ಇದು ಹೊಸ ಕಥೆ ಅಲ್ಲ. ಮುಟ್ಟಿನ ನೆತ್ತರಿಲಿ ಸ್ನಾಯುವ ಹಿಂಡುಸುವ ವಸ್ತು ಇದ್ದು ಹೇಳಿ ಇಂಗ್ಲೆಂಡಿನ ಪಿಕಲ್ಸ್ ಹೇಳ್ತ ವಿಜ್ಞಾನಿ 1957ರಲ್ಲೇ ಬರದ್ದವು. ನಂಬಿಕೆ ಬಾರದ್ರೆ ಹೆರಿಗೆ ವಾರ್ಡಿನ ನರ್ಸಿನ ಹತ್ತರೆ ಕೇಳಿ. ಹೆರಿಗೆ ಆಗಿ ನೆತ್ತರು ನಿಲ್ಲದ್ರೆ ಗರ್ಭಕೋಶ ಬಿಗಿವಲೆ ಕಾರ್ಬೊಪ್ರೊಸ್ಟ್ ಹೇಳ್ತ ಇಂಜೆಕ್ಷನ್ ಕೊಡ್ತವು. ಅದು ಪ್ರೋಸ್ಟಾಗ್ಲಾಂಡಿನಿನದ್ದೇ ಒಂದು ರೂಪ. ಅದು ಕೊಟ್ಟವರಲ್ಲಿ ಸುಮಾರು ಜೆನಕ್ಕೆ ಭೇದಿ ಆವ್ತು. ಅವು ಹಲಸಿನ ಹಣ್ಣು ತಿಂದು ಹೆರಿಗೆಗೆ ಬಂದವೋ?

ಈಗ ಮದ್ದಿನ ಮಾತು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇತ್ಯಾದಿ ಮಾತ್ರೆಗೊ ಪ್ರೋಸ್ಟಾಗ್ಲಾಂಡಿನ್ ತಯಾರಪ್ಪದರನ್ನೇ ತಡೆತ್ತವು. ಆದರೆ ತಯಾರಾಗಿ ಅಪ್ಪದರ ತೆಗವಲೆ ಅವಕ್ಕೆ ಎಡಿಯ. "ತಡವಲೆ ಎಡಿಯದ್ದ ಹಾಂಗೆ ಆದರೆ ಮಾಂತ್ರ ಮಾತ್ರೆ ತೆಕ್ಕೊ" ಹೇಳ್ತ ನಮ್ಮ ಪದ್ಧತಿ ಇಲ್ಲಿಯೇ ಸೋಲುದು. ಮಧ್ಯಾಹ್ನದವರೆಗೆ ತಡದು ಮತ್ತೆ ನುಂಗಿರೆ, "ಮಾತ್ರೆಂದ ಎಂತದೂ ಆಯಿದಿಲ್ಲೆ" ಹೇಳಿ ಕಾಂಗು. ನೆತ್ತರು ಕಂಡ ಕೂಡ್ಲೆ, ಇಲ್ಲದ್ರೆ ಬೇನೆಯ ಸುರುವಾಣ ಸೂಚನೆಗೆ ತೆಕ್ಕೊಳೆಕ್ಕು. ಅಣ್ಣನ ಮಗೊಗೆ ಡಾಕ್ಟ್ರು ಐಬುಪ್ರೊಫೆನ್ 400 ಮಿಲಿಗ್ರಾಂ ಬರದು ಕೊಟ್ಟವು. ಹೊಟ್ಟೆಗೆ ಎಂತಾರು ತಿಂದಿಕ್ಕಿ, ಎಂಟು ಗಂಟೆಗೊಂದರಿ, ಎರಡು ದಿನ ಮಾಂತ್ರ. ಮರು ತಿಂಗಳು ನಾಲ್ಕು ಸರ್ತಿ ಇದ್ದದು ಒಂದಕ್ಕೆ ಇಳುದತ್ತು, ಕೂಸು ಕಾಲೇಜಿಂಗೆ ಹೋತು. ಎಲ್ಲೋರಿಂಗೂ ಇಷ್ಟು ಗುಣ ಸಿಕ್ಕ. ಬೇನೆ ಕಮ್ಮಿ ಆಗಿ ಹೊಟ್ಟೆ ಹಾಂಗೇ ಒಳಿವದೂ ಇದ್ದು. ಮೆಫೆನಾಮಿಕ್ ಆಸಿಡ್ ಕೆಲವು ಜೆನಕ್ಕೆ ತಾನೇ ಭೇದಿ ಮಾಡ್ತು. ಮಾತ್ರೆ ತೆಕ್ಕೊಂಡ ಮತ್ತೆ ಭೇದಿ ಹೆಚ್ಚಾದರೆ ಅದರ ನಿಲ್ಲುಸಿ, ಬೇರೆ ಎಂತ ಅಕ್ಕು ಹೇಳಿ ಡಾಕ್ಟ್ರ ಕೇಳೆಕ್ಕು.

"ಮಾತ್ರೆ ತಿಂದರೆ ನಾಳೆ ಮಕ್ಕೊ ಆಗ" ಹೇಳ್ತ ಮಾತು ಎನ್ನ ಕೆಮಿಗೂ ಬಿದ್ದಿದು. ತಿಂಗಳಿಂಗೆ ಎರಡು ದಿನ ತೆಕ್ಕೊಂಡ ಈ ಮಾತ್ರೆಂದ ಗರ್ಭಕೋಶ ಹಾಳಾವ್ತಿಲ್ಲೆ. 2023ರ ಕಡೇಂಗೆ ಮೊಬೈಲಿಲಿ ಓಡಿದ ಸುದ್ದಿ ಬೇರೆ. ಮೆಫೆನಾಮಿಕ್ ಆಸಿಡಿಂದ ಅಪರೂಪಕ್ಕೆ ಡ್ರೆಸ್ ಹೇಳ್ತ ಜೋರಿನ ಎಲರ್ಜಿ ಅಪ್ಪಲಕ್ಕು ಹೇಳಿ ಭಾರತೀಯ ಫಾರ್ಮಾಕೋಪಿಯಾ ಆಯೋಗ ಎಚ್ಚರಿಕೆ ಕೊಟ್ಟದು ನಿಜವೇ. ಮಾತ್ರೆ ಸುರು ಮಾಡಿ ಕೆಲವು ವಾರದೊಳ ಜ್ವರ, ಮೈ ಪೂರ ಕೆಂಪು ದಡಿಕೆ, ಮೋರೆ ಬೀಗುದು ಕಂಡರೆ ಕೂಡ್ಲೆ ನಿಲ್ಲುಸಿ ಡಾಕ್ಟ್ರ ಹತ್ತರೆ ಹೋಯೆಕ್ಕು. ನೋಡಿಗೊಂಡು ತೆಕ್ಕೊಳಿ ಹೇಳಿ ಅದರ ಅರ್ಥ, ಕೂಸುಗೊ ಬೇನೆ ತಿನ್ನಲಿ ಹೇಳಿ ಅಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮ ಇಪ್ಪೋರು, ಬಸರಿಗೊ, ಡೆಂಗಿ ಸಂಶಯ ಇಪ್ಪ ಜ್ವರದವು ಇದರ ತಮ್ಮಷ್ಟಕ್ಕೆ ತೆಕ್ಕೊಂಬಲಾಗ.

ಅಜ್ಜಿಯಕ್ಕಳ ಉಪಾಯ ಎಲ್ಲ ಹಾಳು ಹೇಳಿ ಆನು ಹೇಳ್ತಿಲ್ಲೆ. ಬೆಶಿನೀರಿನ ಚೀಲ ಕಿಬ್ಬೊಟ್ಟೆಗೆ ಮಡುಗಿರೆ ಸ್ನಾಯು ಸಡಿಲ ಅಪ್ಪದು ನಿಜ. ಉಪ್ಪು ಹಾಕಿದ ತೆಳಿ ಕುಡುದರೆ ಹೋದ ನೀರು, ಉಪ್ಪು ರಜ ವಾಪಾಸು ಬತ್ತು. ಉಪವಾಸ ಕೂರುಸುದು ಮಾಂತ್ರ ಬೇಡ. ಖಾಲಿ ಹೊಟ್ಟೆಗೆ ಈ ಮಾತ್ರೆಗೊ ಉರಿ ಕೊಡ್ತವು.

ಎಲ್ಲವನ್ನೂ ಪ್ರೋಸ್ಟಾಗ್ಲಾಂಡಿನಿನ ತಲೆಗೆ ಕಟ್ಟುಲೂ ಆಗ. ಮುಟ್ಟಿಲ್ಲದ್ದ ದಿನವೂ ಭೇದಿ ಇದ್ದರೆ, ಮಲಲ್ಲಿ ನೆತ್ತರು ಕಂಡರೆ, ಜ್ವರ ಬಂದರೆ, ತೂಕ ಇಳುದರೆ ಕಾರಣ ಬೇರೆ. ಬೇನೆ ವರ್ಷಂದ ವರ್ಷಕ್ಕೆ ಹೆಚ್ಚಾವ್ತಾ ಇದ್ದರೆ, ನೆತ್ತರು ನಿಂದ ಮತ್ತೆಯೂ ಇದ್ದರೆ, ಮುಟ್ಟಿನ ದಿನ ಕಕ್ಕಸಿಲಿ ಕೂದಪ್ಪಗ ಚುಚ್ಚಿದ ಹಾಂಗೆ ಆದರೆ, ಎಂಡೊಮೆಟ್ರಿಯೋಸಿಸ್ ಆದಿಕ್ಕು. ಅದಕ್ಕೆ ಹೆಮ್ಮಕ್ಕಳ ಡಾಕ್ಟ್ರೇ ಬೇಕು. ಅಲ್ಲಿಗೆ ಹೋಪಗ ಗುರ್ತ ಹಾಕಿದ ಆ ಕೆಲೆಂಡರಿನ ಹಾಳೆಯನ್ನೂ ತೆಕ್ಕೊಂಡು ಹೋಗಿ. ಯಾವ ದಿನ ಎಷ್ಟು ಸರ್ತಿ ಹೇಳ್ತದರಿಂದಲೇ ಅವಕ್ಕೆ ಅರ್ಧ ಗೊಂತಾವ್ತು.

ಇನ್ನು ಮೇಲೆ ಮನೆಲಿ ಕೂಸು ಹೊಟ್ಟೆ ಹಿಡ್ಕೊಂಡು ಕೂದರೆ "ಎಂತ ತಿಂದೆ" ಕೇಳುವ ಮದಲು "ಇಂದು ಎಷ್ಟನೇ ದಿನ" ಹೇಳಿ ಕೇಳಿ.