ಪ್ಲೇಟ್‌ಲೆಟ್ ಸರಿ ಇದ್ದರೂ ನಿಲ್ಲದ ರಕ್ತ

ಮಲೆನಾಡಿನಲ್ಲಿ ಈಗ ಪ್ಲೇಟ್‌ಲೆಟ್ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡೆಂಗಿಯ ಮಳೆಗಾಲಗಳು ಅದನ್ನು ಚೆನ್ನಾಗಿ ಕಲಿಸಿವೆ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗಾಗಲೇ ಮೂಡಿಗೆರೆ, ಕಳಸದ ಕಡೆ ಜ್ವರದವರನ್ನು ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆಯೇ ‘ಕೌಂಟ್ ಎಷ್ಟಿದೆ?’ ಎಂದಾಗಿತ್ತು. ಜ್ವರದ ಮಟ್ಟಿಗೆ ಇದು ಒಳ್ಳೆಯ ತಿಳಿವಳಿಕೆ. ಆದರೆ ಇದೇ ಒಂದು ಸಂಖ್ಯೆಯನ್ನು ಹಿಡಿದು ಎಲ್ಲ ರಕ್ತಸ್ರಾವಕ್ಕೂ ತೀರ್ಪು ಕೊಡುವ ಅಭ್ಯಾಸ ಬೆಳೆದಿದೆ. ಮೂಗಿನಿಂದ ಪದೇ ಪದೇ ರಕ್ತ ಬರುವ, ಸಣ್ಣ ಏಟಿಗೂ ಮೈ ನೀಲಿಗಟ್ಟುವ ಕೆಲವರು ‘ಕೌಂಟ್ ಸರಿಯಿದೆ’ ಎಂಬ ಒಂದೇ ಮಾತಿನಿಂದ ವರ್ಷಗಟ್ಟಲೆ ವೈದ್ಯರ ಕಣ್ಣಿಗೆ ಬೀಳದೆ ಉಳಿಯುತ್ತಾರೆ.

ರಕ್ತ ನಿಲ್ಲುವ ಬಗೆ ಬೇಸಿಗೆಯಲ್ಲಿ ಹಳ್ಳಕ್ಕೆ ಕಟ್ಟ ಹಾಕಿದಂತೆ. ನಾಳ ಒಡೆದ ಜಾಗಕ್ಕೆ ಮೊದಲು ಪ್ಲೇಟ್‌ಲೆಟ್‌ಗಳೆಂಬ ಕಲ್ಲುಗಳು ಬಂದು ಕೂರುತ್ತವೆ. ಅವು ನಾಳದ ಗೋಡೆಗೆ ಕಚ್ಚಿಕೊಳ್ಳಲು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನ್ ಬೇಕು. ಒಂದಕ್ಕೊಂದು ಅಂಟಿಕೊಳ್ಳಲು ಫೈಬ್ರಿನೋಜೆನ್ ಎಂಬ ಇನ್ನೊಂದು ಬೇಕು. ಆಮೇಲೆ ರಕ್ತದ ದ್ರವಭಾಗದಲ್ಲಿರುವ ಹೆಪ್ಪುಗಟ್ಟುವ ಅಂಶಗಳು ಸಂದಿಗಳಿಗೆ ಮಣ್ಣು ಮೆತ್ತುತ್ತವೆ. ಪ್ಲೇಟ್‌ಲೆಟ್ ಕೌಂಟ್ ಹೇಳುವುದು ಕಲ್ಲು ಎಷ್ಟಿವೆ ಎಂಬುದನ್ನು ಮಾತ್ರ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಏನೂ ಪೆಟ್ಟಾಗದೆ ತಾನಾಗಿ ರಕ್ತ ಜಿನುಗುವುದು ಹೆಚ್ಚಾಗಿ ಅದು ಇಪ್ಪತ್ತು, ಮೂವತ್ತು ಸಾವಿರಕ್ಕಿಂತ ಕೆಳಗಿಳಿದ ಮೇಲೆ. ತೊಂಬತ್ತು ಸಾವಿರ ಇದ್ದವರಿಗೆ ಮೂಗಿನಲ್ಲಿ ರಕ್ತ ಬಂದರೆ ಆ ಸಂಖ್ಯೆಯೊಂದೇ ಅದಕ್ಕೆ ಕಾರಣ ಎನ್ನುವುದು ಕಷ್ಟ. ಮೂರು ಲಕ್ಷ ಇದ್ದವರ ರಕ್ತ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ. ಕಲ್ಲು ರಾಶಿ ಬಿದ್ದಿದ್ದರೂ ಒಂದಕ್ಕೊಂದು ಹಿಡಿಯದಿದ್ದರೆ ಕಟ್ಟ ನಿಲ್ಲುವುದಿಲ್ಲ.

ಮೂಗಿನ ರಕ್ತ ಬಹುತೇಕ ಸಲ ರಕ್ತದ ದೋಷವೇ ಅಲ್ಲ, ಮೂಗಿನದು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ತೆಳು ಪೊರೆಯ ಅಡಿಗೇ ಸಣ್ಣ ರಕ್ತನಾಳಗಳು ಬಂದು ಕೂಡುತ್ತವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಬೆಳಗಿನ ಚಳಿ, ಮಧ್ಯಾಹ್ನದ ಒಣಗಾಳಿ, ಕಣದ ದೂಳು ಸೇರಿ ಆ ಪೊರೆ ಒಣಗಿ ಬಿರಿಯುತ್ತದೆ. ಮಕ್ಕಳ ಬೆರಳು ಉಳಿದ ಕೆಲಸ ಮುಗಿಸುತ್ತದೆ. ಇದಕ್ಕೆ ನಮ್ಮಲ್ಲಿ ‘ಉಷ್ಣ’ ಎಂಬ ಹೆಸರಿದೆ. ತಲೆಗೆ ತಣ್ಣೀರು, ಮೂಗಿಗೆ ಗರಿಕೆ ರಸ, ಎಳನೀರು ಎಲ್ಲವೂ ನಡೆಯುತ್ತವೆ. ಎಳನೀರಿನಿಂದ ತೊಂದರೆಯೇನಿಲ್ಲ. ಆದರೆ ಮಗುವನ್ನು ಅಂಗಾತ ಮಲಗಿಸಿ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು, ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ನಡುವೆ ತೆಗೆದು ನೋಡಬಾರದು, ಗಡಿಯಾರ ನೋಡಿ ಹತ್ತು ನಿಮಿಷ. ಈ ಹತ್ತು ನಿಮಿಷ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಸರಿಯಾಗಿ ಒತ್ತಿದಾಗ ನಿಂತರೆ ದೋಷ ಹೆಚ್ಚಾಗಿ ಮೂಗಿನದೇ. ಹಾಗೆ ಒತ್ತಿಯೂ ನಿಲ್ಲದಿದ್ದರೆ, ವರ್ಷಕ್ಕೆ ಐದಕ್ಕಿಂತ ಹೆಚ್ಚು ಸಲ ಬಂದರೆ, ಒಮ್ಮೆ ಈ ಹೊಳ್ಳೆ ಒಮ್ಮೆ ಆ ಹೊಳ್ಳೆ ಎಂದಾದರೆ ರಕ್ತದ ಕಡೆಗೂ ನೋಡಬೇಕಾಗುತ್ತದೆ.

ತೊಡಕೆಂದರೆ ಅದೇ ಒಣ ತಿಂಗಳುಗಳಲ್ಲಿ ಮಂಗನ ಕಾಯಿಲೆಯೂ ಏಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೂ ಬಂದಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಎದ್ದು ಕೂರಲಾಗದಷ್ಟು ಮೈಕೈ ನೋವು. ಕೆಲವರಿಗೆ ಆಮೇಲೆ ಮೂಗು, ಒಸಡಿನಿಂದ ರಕ್ತ. ಪ್ಲೇಟ್‌ಲೆಟ್ ಜೊತೆಗೆ ಬಿಳಿರಕ್ತಕಣವೂ ಇಳಿಯುತ್ತದೆ. ಗುರುತು ಹಿಡಿಯಲು ಕ್ರಮ ನೋಡಿದರೆ ಸಾಕು: ಇಲ್ಲಿ ಜ್ವರ ಮೊದಲು, ರಕ್ತ ಆಮೇಲೆ. ಜ್ವರದ ಜೊತೆ ರಕ್ತ ಕಂಡರೆ ಅಂಗಡಿಯ ನೋವಿನ ಮಾತ್ರೆ, ಆಸ್ಪಿರಿನ್ ಮುಟ್ಟದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕೌಂಟ್ ಎಂಬ ಸಂಖ್ಯೆಗೆ ನಿಜವಾದ ಕೆಲಸವಿರುವುದು ಇಂಥ ಕಡೆ. ಜ್ವರ ಬಿಟ್ಟು ಒಂದೆರಡು ವಾರವಾದ, ಆಡಿಕೊಂಡಿರುವ ಮಗುವಿನ ಮೈಮೇಲೆ ಇದ್ದಕ್ಕಿದ್ದಂತೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದು, ಒತ್ತಿದರೂ ಮಾಸದಿದ್ದಾಗಲೂ ಹಾಗೆಯೇ. ಅದು ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ತೊಂದರೆ ಇರಬಹುದು. ಮಕ್ಕಳಲ್ಲಿ ಹೆಚ್ಚಿನವು ಕೆಲವು ತಿಂಗಳಲ್ಲಿ ತಾವಾಗಿ ಸರಿಹೋಗುತ್ತವೆ. ಅದೇ ಚುಕ್ಕೆಗಳ ಜೊತೆ ಮಗು ಬಿಳಿಚಿಕೊಂಡು, ಮೂಳೆ ನೋವೆಂದು ನಡೆಯಲು ಅತ್ತರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಸುಮ್ಮನಿರಬಾರದು.

ಇವೆಲ್ಲ ಥಟ್ಟನೆ ಶುರುವಾಗುವಂಥವು. ನನ್ನ ತಕರಾರಿರುವುದು ಹುಟ್ಟಿನಿಂದ ಜೊತೆಗೇ ಬಂದದ್ದರ ಬಗ್ಗೆ.

ಇಂಥ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಕಳಸದ ಕಡೆಯವಳು, ವಯಸ್ಸು ಹದಿನಾಲ್ಕು. ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟ ಮದುವೆ. ಮೂರು ವರ್ಷದವಳಿದ್ದಾಗಿನಿಂದ ಮೂಗಿನಲ್ಲಿ ರಕ್ತ, ಮನೆಯವರ ಲೆಕ್ಕದಲ್ಲಿ ಉಷ್ಣ. ಒಮ್ಮೆ ನಿಲ್ಲದೆ ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಬೇಕಾಯಿತು. ಮೊಣಕಾಲು, ಮುಂಗಾಲಿನಲ್ಲಿ ನೀಲಿ ಗುರುತು ಯಾವ ಮಕ್ಕಳಿಗಿಲ್ಲ? ಇವಳಿಗೆ ತೋಳು, ತೊಡೆ, ಬೆನ್ನಿನ ಮೇಲೂ ಇದ್ದವು. ಮೈನೆರೆದ ಮೇಲೆ ಮುಟ್ಟು ಹತ್ತು ದಿನ. ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಶಾಲೆಯ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 7.6 ಬಂತು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಪ್ಲೇಟ್‌ಲೆಟ್ 3.4 ಲಕ್ಷ. ಹೆಪ್ಪುಗಟ್ಟುವ ಅಂಶಗಳನ್ನು ಅಳೆಯುವ ಪಿಟಿ, ಎಪಿಟಿಟಿ ಎರಡೂ ಸರಿ. ‘ರಕ್ತದಲ್ಲಿ ಏನೂ ದೋಷವಿಲ್ಲ’ ಎಂದು ಕಳಿಸಿದರು.

ವರದಿಯ ಒಂದೊಂದು ಸಂಖ್ಯೆಯೂ ನಿಜ, ತೀರ್ಮಾನ ಮಾತ್ರ ಸುಳ್ಳು. ವರದಿಯನ್ನು ಬದಿಗಿಟ್ಟು ಅವಳ ಕಥೆಗೆ ಅಂಕ ಹಾಕಿ ನೋಡಬಹುದು. ರಕ್ತತಜ್ಞರು ಇದಕ್ಕೆಂದೇ ಅಂತರರಾಷ್ಟ್ರೀಯ ಅಂಕಪಟ್ಟಿಯೊಂದನ್ನು ಬಳಸುತ್ತಾರೆ. ಪ್ರತಿ ಬಗೆಯ ರಕ್ತಸ್ರಾವಕ್ಕೆ ಸೊನ್ನೆಯಿಂದ ನಾಲ್ಕು. ಮೂಗಿಗೆ ಬಟ್ಟೆ ತುರುಕಬೇಕಾಗಿ ಬಂದದ್ದಕ್ಕೆ ಮೂರು, ಒಂದು ಸೆಂಟಿಮೀಟರಿಗಿಂತ ದೊಡ್ಡ ನೀಲಿ ಗುರುತು ಐದು ಅಥವಾ ಹೆಚ್ಚಿರುವುದಕ್ಕೆ ಒಂದು, ಮುಟ್ಟಿನ ರಕ್ತನಷ್ಟಕ್ಕೆ ಕಬ್ಬಿಣಾಂಶ ಕೊಡಬೇಕಾದದ್ದಕ್ಕೆ ಎರಡು. ಒಟ್ಟು ಆರು. ಮಕ್ಕಳಲ್ಲಿ ಮೂರು ಮುಟ್ಟಿದರೇ ಮುಂದಿನ ಪರೀಕ್ಷೆ ಬೇಕು. ಇಲ್ಲಿ ಇಂಬಳದ ಲೆಕ್ಕ ಹಿಡಿಯಬೇಡಿ. ಅದರ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ, ಅದು ಕಚ್ಚಿದ ಜಾಗ ಯಾರಿಗಾದರೂ ಗಂಟೆಗಟ್ಟಲೆ ಜಿನುಗುತ್ತದೆ. ಹಲ್ಲು ಕೀಳಿಸಿದ ಮಾರನೆಯ ದಿನವೂ ರಕ್ತ ಬಂದಿತ್ತೇ ಎಂಬ ಪ್ರಶ್ನೆ ಅದಕ್ಕಿಂತ ಬೆಲೆಯುಳ್ಳದ್ದು.

ಮುಂದಿನ ಪರೀಕ್ಷೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಬೆರಳಿಗೆ ಚುಚ್ಚಿ, ರಕ್ತವನ್ನು ಶೀಷೆಗೆ ಹಾಕದೆ ನೇರವಾಗಿ ಗಾಜಿನ ಪಟ್ಟಿಯ ಮೇಲೆ ಎಳೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಶೀಷೆಯ ರಕ್ತದಲ್ಲಿ ಹೆಪ್ಪುಗಟ್ಟದಂತೆ ರಾಸಾಯನಿಕ ಸೇರಿರುತ್ತದೆ, ಅದರಲ್ಲಿ ಪ್ಲೇಟ್‌ಲೆಟ್‌ಗಳು ಬಿಡಿಬಿಡಿಯಾಗಿಯೇ ಕಾಣಬೇಕು. ನೇರವಾಗಿ ಎಳೆದ ಪಟ್ಟಿಯಲ್ಲಿ ಆರೋಗ್ಯವಂತರ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿರುತ್ತವೆ. ಈ ಹುಡುಗಿಯ ಪಟ್ಟಿಯಲ್ಲಿ ಒಂದೂ ಗುಂಪಿಲ್ಲದೆ ಎಲ್ಲ ಒಂಟಿಯಾಗಿ ಚೆದುರಿದ್ದರೆ ಅನುಮಾನ ಹೋಗಬೇಕಾದದ್ದು 1918ರಲ್ಲಿ ಸ್ವಿಟ್ಜರ್‌ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಜ್‌ಮನ್ ವಿವರಿಸಿದ ಕಾಯಿಲೆಯ ಕಡೆಗೆ. ಆ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದ್ದರೂ ಫೈಬ್ರಿನೋಜೆನ್ ಹಿಡಿಯುವ ಕೊಂಡಿಯೇ ಅವುಗಳಲ್ಲಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಸೂಕ್ಷ್ಮದರ್ಶಕಕ್ಕೆ ಇದು ಮೀರಿದ ಕೆಲಸವಲ್ಲ. ಅದನ್ನು ಬಿಟ್ಟು ನಾವು ಎಲ್ಲೆಡೆ ‘ಬಿಟಿ ಸಿಟಿ’ ಮಾಡಿಸುತ್ತೇವೆ. ಬಿಟಿಯನ್ನು ನಿಯಮದಂತೆ, ಗಡಿಯಾರ ಹಿಡಿದು ಮಾಡಿದರೆ ಅದರಲ್ಲೂ ಸುಳಿವು ಸಿಗುತ್ತದೆ. ಅವಸರದಲ್ಲಿ ಬೆರಳು ಚುಚ್ಚಿ ಎರಡೂವರೆ ನಿಮಿಷ ಎಂದು ಬರೆದುಕೊಟ್ಟ ಚೀಟಿ ಸುಳ್ಳು ಧೈರ್ಯ ಕೊಡುತ್ತದೆ, ಅಷ್ಟೆ.

ಪಟ್ಟಿಯಲ್ಲಿ ಗುಂಪುಗಳು ಕಂಡರೆ ಮುಂದಿನ ಅನುಮಾನ ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಇದು ಗ್ಲಾನ್ಜ್‌ಮನ್‌ಗಿಂತ ಎಷ್ಟೋ ಹೆಚ್ಚು ಸಾಮಾನ್ಯ. ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದನ್ನು ಮೊದಲು ವಿವರಿಸಿ ಬರೆದ ಕುಟುಂಬದ ಹುಡುಗಿ ಮುಂದೆ ಹರೆಯಕ್ಕೆ ಬರುತ್ತಲೇ ಮುಟ್ಟಿನ ರಕ್ತಸ್ರಾವದಲ್ಲೇ ತೀರಿಕೊಂಡಳು. ಇದಕ್ಕೆ ಆ ಪ್ರೋಟೀನನ್ನೇ ಅಳೆಯಬೇಕು. ಇಲ್ಲಿ ಬೆಟ್ಟದೂರಿನವರಿಗೆ ಒಂದು ಅಪಾಯವಿದೆ. ರಕ್ತವನ್ನು ಹಾಗೆಯೇ ಮಂಜುಗಡ್ಡೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಿದರೆ ಈ ಪ್ರೋಟೀನ್ ಸುಳ್ಳೇ ಕಡಿಮೆ ಎಂದು ಬರುತ್ತದೆ. ಜ್ವರ, ಬಸುರು, ಅಳು ಹೆದರಿಕೆ ಇದ್ದಾಗ ತೆಗೆದರೆ ಸುಳ್ಳೇ ಹೆಚ್ಚು ಬರುತ್ತದೆ. ಪ್ಲೇಟ್‌ಲೆಟ್‌ಗಳು ಅಂಟುವುದನ್ನು ಅಳೆಯುವ ಪರೀಕ್ಷೆಗೂ ತೆಗೆದ ನಾಲ್ಕು ಗಂಟೆಯೊಳಗಿನ ತಾಜಾ ರಕ್ತ ಬೇಕು. ಹಾಗಾಗಿ ಶೀಷೆಯನ್ನು ಕಳಿಸುವುದಕ್ಕಿಂತ ಹುಡುಗಿಯನ್ನೇ ಮಣಿಪಾಲಕ್ಕೋ ಬೆಂಗಳೂರಿನ ಸೇಂಟ್ ಜಾನ್ಸ್‌ಗೋ ವೆಲ್ಲೂರಿನ ಸಿಎಂಸಿಗೋ ಕರೆದುಕೊಂಡು ಹೋಗುವುದು ಮೇಲು. ದಿನಗೂಲಿಯ ಮನೆಗೆ ಇದು ದೊಡ್ಡ ಮಾತೆಂದು ಗೊತ್ತಿದೆ. ಅದಕ್ಕೇ ಅಂಕಪಟ್ಟಿ, ಬೆರಳ ರಕ್ತದ ಪಟ್ಟಿ ಇಲ್ಲೇ ಮುಗಿದಿರಬೇಕು. ಅಷ್ಟು ದೂರ ಹೋಗಬೇಕಾದವರು ಕೆಲವರೇ ಉಳಿಯುತ್ತಾರೆ.

ಸೋದರಸಂಬಂಧದ ಮದುವೆ ಇಲ್ಲಿ ಬರೀ ಹಿನ್ನೆಲೆಯ ಸಂಗತಿಯಲ್ಲ. ಗ್ಲಾನ್ಜ್‌ಮನ್, ವಾನ್ ವಿಲ್ಲೆಬ್ರಾಂಡ್‌ನ ತೀವ್ರ ಬಗೆ, ಅಪರೂಪದ ಹಲವು ಫ್ಯಾಕ್ಟರ್ ಕೊರತೆಗಳು ಕಾಣಿಸಿಕೊಳ್ಳುವುದು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ವಂಶವಾಹಿ ಬಂದಾಗ. ಒಂದೇ ಮನೆತನದೊಳಗಿನ ಮದುವೆಯಲ್ಲಿ ಅದಕ್ಕೆ ಅವಕಾಶ ಹೆಚ್ಚು. ನಮ್ಮಲ್ಲಿ ರಕ್ತಸ್ರಾವದ ರೋಗವೆಂದರೆ ಹಿಮೋಫಿಲಿಯಾ ಎಂದೇ ಹೆಚ್ಚು ಪರಿಚಯ. ಅದಕ್ಕೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಕೆಲಸವೂ ಕಾರಣ. ಆದರೆ ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳದು, ರಕ್ತ ಕೀಲು ಸ್ನಾಯುಗಳೊಳಗೆ ಸೋರುತ್ತದೆ. ಮೂಗು, ಒಸಡು, ಮುಟ್ಟಿನಲ್ಲಿ ರಕ್ತ ಹೋಗುವ ಈ ಇನ್ನೊಂದು ಗುಂಪು ಹೆಣ್ಣಿಗೂ ಗಂಡಿಗೂ ಸಮನಾಗಿ ಬರುತ್ತದೆ. ಹೆಣ್ಣಿನಲ್ಲಿ ಅದು ರಕ್ತಹೀನತೆಯ ಹೆಸರಿನಲ್ಲಿ ಮುಚ್ಚಿಹೋಗುತ್ತದೆ.

ಕಾಯಿಲೆಗೆ ಹೆಸರು ಸಿಕ್ಕಿದರೆ ಮಾಡಲು ಕೆಲಸವಿದೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಮಾತ್ರೆ ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆದು ಮೂಗಿನದನ್ನೂ ಮುಟ್ಟಿನದನ್ನೂ ಇಳಿಸುತ್ತದೆ. ಮುಟ್ಟಿಗೆ ಹಾರ್ಮೋನ್ ಮಾತ್ರೆಯೂ ಉಂಟು. ಪ್ಲೇಟ್‌ಲೆಟ್ ಏರಿಸುವುದನ್ನು ಗ್ಲಾನ್ಜ್‌ಮನ್‌ನಲ್ಲಿ ಜೀವಕ್ಕೆ ಕುತ್ತು ಬಂದಾಗಿನ ಅಥವಾ ದೊಡ್ಡ ಆಪರೇಷನ್‌ನ ಹೊತ್ತಿಗೇ ಉಳಿಸಿಕೊಳ್ಳಬೇಕು. ಪದೇ ಪದೇ ಏರಿಸಿದರೆ ದೇಹ ಅವುಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು, ನಿಜವಾಗಿ ಬೇಕಾದ ದಿನ ಉಪಯೋಗಕ್ಕೆ ಬರದಂತೆ ಮಾಡುತ್ತದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಇಂಜೆಕ್ಷನ್‌ಗಳು ಇವರಿಗೆ ವರ್ಜ್ಯ, ಪ್ಯಾರಾಸಿಟಮಾಲ್ ಆಗಬಹುದು. ಆ ಕಳಸದ ಹುಡುಗಿಗೆ ಗ್ಲಾನ್ಜ್‌ಮನ್ ಎಂದಾದರೆ ಅವಳ ತಮ್ಮ ತಂಗಿಯರಿಗೂ ಇದೇ ಕಾಯಿಲೆ ಇರುವ ಸಂಭವ ನಾಲ್ಕರಲ್ಲಿ ಒಂದು. ಅವರಲ್ಲಿ ಯಾರಿಗಾದರೂ ಹಲ್ಲು ಕೀಳಿಸುವುದಿದ್ದರೆ ಅದಕ್ಕೂ ಮೊದಲು ಅವರ ಬೆರಳಿನ ರಕ್ತವನ್ನೂ ಗಾಜಿನ ಪಟ್ಟಿಯ ಮೇಲೆ ಎಳೆದು ನೋಡಬೇಕು.