ಸಸ್ಪೆಂಡಾದವನ ಪಗಾರ: ಸರಕಾರಿ ನೌಕರನಿಗೆ ಒಂದು, ನಮಗೆ ಒಂದು

ಸಸ್ಪೆಂಡು ಎಂದರೆ ಕೆಲಸ ಹೋಯಿತೆಂದು ನಮ್ಮಲ್ಲಿ ಬಹಳ ಮಂದಿ ತಿಳಿಯುತ್ತಾರೆ. ಅದು ತಪ್ಪು. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿರಿಸುವುದೇ ಸಸ್ಪೆಂಡು. ನೌಕರಿಯ ಸಂಬಂಧ ಹರಿದಿರುವುದಿಲ್ಲ. ಹಾಗಾದರೆ ಆ ದಿನಗಳಲ್ಲಿ ಮನೆಯವರು ಉಣ್ಣುವುದೇನನ್ನು? ಸರಕಾರಿ ಕಚೇರಿಯ ಗುಮಾಸ್ತೆಗೂ, ಗಿರಣಿಯ ಕಾಮಗಾರನಿಗೂ, ಹೋಟೆಲಿನ ಮಾಣಿಗೂ ಈ ಪ್ರಶ್ನೆಗೆ ದೊರೆಯುವ ಉತ್ತರ ಬೇರೆ ಬೇರೆಯಾಗಿದೆ.

ಕೇಂದ್ರ ಸರಕಾರದ ಗುಮಾಸ್ತನನ್ನು ತೆಗೆದುಕೊಳ್ಳೋಣ. ಅವನಿಗೆ 1965ರ ಶಿಸ್ತಿನ ನಿಯಮಗಳ ಆಸರೆಯಿದೆ. ಸಸ್ಪೆಂಡಿನ ಆದೇಶ ಬರವಣಿಗೆಯಲ್ಲಿ ಬರುತ್ತದೆ. 90 ದಿನಗಳೊಳಗೆ ಅದನ್ನು ಮರುಪರಿಶೀಲಿಸಿ ಮುಂದುವರಿಸದಿದ್ದರೆ ಆದೇಶವೇ ಬಿದ್ದುಹೋಗುತ್ತದೆ. ಮೂಲವೇತನ 30,000 ರೂಪಾಯಿ ಇದ್ದರೆ ಮೊದಲ ಮೂರು ತಿಂಗಳು ಅದರ ಅರ್ಧ, ಅಂದರೆ 15,000, ಮತ್ತು ಅದಕ್ಕೆ ತಕ್ಕ ತುಟ್ಟಿಭತ್ಯೆ ಸಿಗುತ್ತದೆ. ಮೂರು ತಿಂಗಳ ಮೇಲೆ ವಿಳಂಬ ಅವನದಲ್ಲವೆಂದು ಅಧಿಕಾರಿಗೆ ಕಂಡರೆ ಆ 15,000ವನ್ನು 22,500ರವರೆಗೆ ಏರಿಸಬಹುದು. ವಿಳಂಬ ಅವನದೇ ಎಂದಾದರೆ 7,500ರವರೆಗೆ ಇಳಿಸಲೂಬಹುದು. ಏರಿಕೆ ತಾನಾಗಿ ಬರುವುದಿಲ್ಲ, ಮೇಲಧಿಕಾರಿ ಬರೆದು ಕೊಡಬೇಕು. ಸರಕಾರಿ ನೌಕರಿ ಎಂದರೆ ಎಲ್ಲವೂ ಸುಖವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಇನ್ನು ದೊಡ್ಡ ಗಿರಣಿ. ಅಲ್ಲಿ 1946ರ ಸ್ಥಾಯಿ ಆದೇಶಗಳ ಕಾಯಿದೆಗೆ 1982ರಲ್ಲಿ ಸೇರಿದ ತಿದ್ದುಪಡಿಯಿಂದ ಈ ಭತ್ಯೆ ಹಕ್ಕಾಯಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಭತ್ಯೆಯ ಲೆಕ್ಕ ಹಾಗೆಯೇ ಉಳಿದಿದೆ. ಪಗಾರ 18,000 ಇದ್ದವನಿಗೆ ಮೊದಲ 90 ದಿನ ತಿಂಗಳಿಗೆ 9,000, ಆಮೇಲೆ ವಿಳಂಬ ಅವನಿಂದಾಗಿರದಿದ್ದರೆ 13,500. ಇಲ್ಲಿ ಮಾಲೀಕನ ದಯೆ ಬೇಕಿಲ್ಲ, ಕಾನೂನೇ ಏರಿಸುತ್ತದೆ. ವಿಚಾರಣೆಯೂ ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕೆಂದಿದೆ. ಈ ಎರಡು ವಿಷಯಗಳಲ್ಲಿ ಗಿರಣಿಯವನು ಗುಮಾಸ್ತನಿಗಿಂತ ಮೇಲು. ಆದರೆ ಈ ಅಧ್ಯಾಯ 300 ಅಥವಾ ಹೆಚ್ಚು ಕಾಮಗಾರರಿರುವ ಸಂಸ್ಥೆಗಳಿಗೆ ಮಾತ್ರ. ಹಳೆಯ ಕೇಂದ್ರ ಕಾಯಿದೆಯಲ್ಲಿ ಈ ಸಂಖ್ಯೆ 100 ಆಗಿತ್ತು.

ಹದಿನೈದು ಮಂದಿ ದುಡಿಯುವ ಹೋಟೆಲು ಎಲ್ಲಿ ನಿಂತಿತು? ಗಲ್ಲಾದ ಹಣ ಕಡಿಮೆಯಾಯಿತೆಂದು ಧಣಿಗಳು “ನಾಳೆಯಿಂದ ಬರಬೇಡ, ವಿಚಾರಿಸಿ ಹೇಳುತ್ತೇನೆ” ಎನ್ನುತ್ತಾರೆ. ಕಾಗದವಿಲ್ಲ, ಆರೋಪಪಟ್ಟಿಯಿಲ್ಲ, ಪಗಾರವಿಲ್ಲ. ಹುಡುಗ ಗಂಟು ಕಟ್ಟಿ ಊರಿನ ಬಸ್ಸು ಹತ್ತುತ್ತಾನೆ. ಆಮೇಲೆ “ಅವನೇ ಬಿಟ್ಟು ಹೋದ” ಎಂಬ ಮಾತು ಹುಟ್ಟುತ್ತದೆ.

ಇಂಥವನಿಗೆ ನೆರವಾಗುವ ತೀರ್ಪೊಂದು ಹೋಟೆಲ್ ಕಾಮಗಾರರ ಮೊಕದ್ದಮೆಯಿಂದಲೇ ಬಂದಿದೆ. ದಿಲ್ಲಿಯ ಇಂಪೀರಿಯಲ್ ಹೋಟೆಲಿನ ಆಡಳಿತಕ್ಕೂ ಹೋಟೆಲ್ ಕಾಮಗಾರರ ಯೂನಿಯನ್ನಿಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ಹೀಗೆ ಹೇಳಿತು: ಪಗಾರವಿಲ್ಲದೆ ಸಸ್ಪೆಂಡು ಮಾಡುವ ಅಧಿಕಾರ ನೇಮಕದ ಕರಾರಿನಲ್ಲೋ, ಕಾನೂನಿನಲ್ಲೋ, ಅದರಡಿಯ ನಿಯಮದಲ್ಲೋ ಇರಬೇಕು. ಇಲ್ಲದಿದ್ದರೆ ಮಾಲೀಕ ಕೆಲಸ ಬೇಡವೆನ್ನಬಹುದು, ಪಗಾರ ಮಾತ್ರ ಕೊಡಬೇಕು. ವಿಚಾರಣೆ ಮುಗಿಸಿ, ವಜಾ ಮಾಡಲು ನ್ಯಾಯಮಂಡಳಿಯ ಅನುಮತಿ ಕೇಳಿರುವ ಪ್ರಸಂಗಕ್ಕೆ ಮಾತ್ರ ವಿನಾಯಿತಿ. ಅನುಮತಿ ಸಿಗದಿದ್ದರೆ ಆ ದಿನಗಳ ಪಗಾರವೂ ಸಲ್ಲಬೇಕು.

ಅಂದರೆ ನಿಯಮವೇ ಇಲ್ಲದ ಹೋಟೆಲಿನ ಮಾಣಿಗೆ ಅರ್ಧವಲ್ಲ, ಪೂರ್ತಿ ಪಗಾರದ ಹಕ್ಕಿದೆ. ಹಕ್ಕು ಇದ್ದೂ ಕೈಗೆ ಬಾರದಿರುವುದಕ್ಕೆ ಕಾರಣ ಪುರಾವೆಯ ಕೊರತೆ. “ಬರಬೇಡ” ಎಂದ ದಿನವೇ ಒಂದು ಕಾಗದ ಬರೆಯಬೇಕು: ಇಂಥ ತಾರೀಖು ನನ್ನನ್ನು ಕೆಲಸಕ್ಕೆ ಬರಬೇಡವೆಂದಿದ್ದೀರಿ, ನಾನು ದುಡಿಯಲು ಸಿದ್ಧನಿದ್ದೇನೆ, ಆರೋಪವೇನೆಂದು ಬರೆದು ಕೊಡಿ. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಉತ್ತರ ಬರದಿದ್ದರೂ ಆ ರಸೀದಿ “ಬಿಟ್ಟು ಹೋದ” ಎಂಬ ಮಾತಿಗೆ ಅಡ್ಡ ನಿಲ್ಲುತ್ತದೆ. ನೇಮಕಪತ್ರಕ್ಕೆ ರುಜು ಹಾಕುವ ಮೊದಲು ಅದನ್ನು ಯಾರಿಂದಲಾದರೂ ಓದಿಸಿಕೊಳ್ಳಬೇಕು. ಪಗಾರವಿಲ್ಲದೆ ಸಸ್ಪೆಂಡು ಮಾಡಬಹುದೆಂಬ ಒಂದು ಸಾಲು ಅದರಲ್ಲಿ ಅಡಗಿದ್ದರೆ, 1959ರ ಆ ತೀರ್ಪಿನ ಆಸರೆ ನಾವೇ ಕಳೆದುಕೊಂಡಂತೆ.

ಆದರೂ ಈ ಭಾರವನ್ನೆಲ್ಲ ಮಾಣಿಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಆರೋಪ ಹೊತ್ತವನ ಹಸಿವು ಅವನ ಜೊತೆಗೆ ಎಷ್ಟು ಮಂದಿ ದುಡಿಯುತ್ತಾರೆಂಬ ಲೆಕ್ಕವನ್ನು ನೋಡುವುದಿಲ್ಲ. ಬರವಣಿಗೆಯ ಆದೇಶ, 90 ದಿನಗಳ ಗಡುವು, ತಾನಾಗಿ ಏರುವ ಭತ್ಯೆ, ಈ ಮೂರೂ 300ರ ಗೆರೆಯನ್ನು ದಾಟಿ ಚಿಕ್ಕ ಹೋಟೆಲಿನ ಅಡಿಗೆಮನೆಯವರೆಗೆ ಬರಬೇಕು. ಸಂಘಗಳು ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಇದು.